ಗದ್ದೆಯೋ ಗರ್ದ್ದೆಯೋ: ಕಾಲ ಬರೆಯದ ಒಂದು ವೀರಗಲ್ಲಿನ ಜೊತೆ ನನ್ನ ಅನುಭವ

ಮಧುಗಿರಿ ಕಡೆಯ ಒಂದು ಹಳ್ಳಿ. ಹೆಸರು ಬೇಡ. ಶಾಸನದ ಸುದ್ದಿ ಹೊರಬಿದ್ದರೆ ನಿಧಿ ಆಸೆಗೆ ಕಲ್ಲಿನ ಬುಡ ಅಗೆಯುವವರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ಕೆರೆ ಏರಿಯ ಮೇಲೆ, ಹುಣಸೆ ಮರದ ಕೆಳಗೆ, ಸೊಂಟದ ಎತ್ತರದ ಒಂದು ವೀರಗಲ್ಲು. ಬಿಲ್ಲು ಹಿಡಿದ ಆಳು, ಹಿಂದೆ ಮೂರು ದನ, ಮೇಲೆ ಎಂಟು ಸಾಲು ಬರಹ. ತುಱು, ಅಂದರೆ ಕಳ್ಳರು ಹೊಡೆದುಕೊಂಡು ಹೋದ ದನ, ಬಿಡಿಸಲು ಹೋಗಿ ಸತ್ತವನ ಕಲ್ಲು. ಮೊದಲ ಸಾಲಿನಲ್ಲಿ ರಾಜನ ಹೆಸರು ಇರಬೇಕಾದ ಕಡೆಯೇ ಮೂಲೆ ಮುರಿದುಹೋಗಿತ್ತು. ಶಕವರ್ಷವೂ ಇಲ್ಲ.

'ಇದು ಪಾಂಡವರ ಕಾಲದ್ದು ಸಾಮಿ' ಅಂದರು ಅಲ್ಲೇ ಕೂತಿದ್ದ ಅಜ್ಜ. 'ಎಷ್ಟು ವರ್ಷದ್ದು ಅಂತ ಓದಿ ಹೇಳ್ತೀನಿ ಅಜ್ಜ' ಅಂದೆ. ಆವತ್ತೇ ಹೇಳುವ ಧೈರ್ಯ ನನಗಿತ್ತು. ಆಮೇಲೆ ಹೋಯಿತು.

ಕಲ್ಲನ್ನು ನೀರಿನಿಂದ ತೊಳೆದು, ಮೆತ್ತನೆ ಬ್ರಷ್‌ನಿಂದ ಪಾಚಿ ತೆಗೆದು, ಒದ್ದೆ ಕಾಗದ ಹೊದಿಸಿ, ಅಕ್ಷರದ ಗುಳಿಗಳಿಗೆ ಕಾಗದ ಕೂರುವ ಹಾಗೆ ಬ್ರಷ್‌ನಿಂದ ತಟ್ಟಿ, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆದೆ. ಮನೆಯಲ್ಲಿ ಗೋಡೆಗೆ ಅಂಟಿಸಿ ನೋಡಿದರೆ ಎರಡು ಸಂಗತಿ ಎದ್ದು ಕಂಡವು. ಎರಡನೇ ಸಾಲಿನ 'ಬ' ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯ ಹಾಗಿತ್ತು. ಆರನೇ ಸಾಲಿನಲ್ಲಿ, ಸತ್ತವನ ಮನೆಯವರಿಗೆ ಭೂಮಿ ಕೊಟ್ಟ ಕಡೆ, 'ಗದ್ದೆ' ಅನ್ನುವ ಪದ ಇತ್ತು.

ಇವೆರಡೂ ಒಂದೇ ಕಲ್ಲಿನಲ್ಲಿ ಇರಬಾರದು. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಳೆಯ ಬರಹದಲ್ಲಿ 'ಬ' ಮುಚ್ಚಿದ ಚೌಕ. ಸುಮಾರು 9ನೇ ಶತಮಾನದಿಂದ ಅದರ ಮೇಲಿನ ಗೆರೆ ಬಾಯಿ ಬಿಡುತ್ತದೆ, ಕೈ ಎತ್ತದೆ ಬರೆಯುವ ದುಂಡು ರೂಪ ಬರುತ್ತದೆ. 'ಖ' ಅಕ್ಷರದ್ದೂ ಇದೇ ಕಥೆ. ಗಂಗರ ಕೆಲವು ತಾಮ್ರಶಾಸನಗಳನ್ನು ಶಾಸನತಜ್ಞ ಫ್ಲೀಟ್ ನಕಲಿ ಎಂದಾಗ ಅವರು ಹಿಡಿದ ಆಧಾರಗಳಲ್ಲಿ ಇದೂ ಒಂದು: ಹೇಳಿಕೊಳ್ಳುವ ಕಾಲ ಹಳೆಯದು, ಅಕ್ಷರ ಹೊಸದು. ಹಾಗಾಗಿ ಮುಚ್ಚಿದ 'ಬ' ನೋಡಿ ನಾನು ಪುಸ್ತಕದಲ್ಲಿ 'ಸು. 800' ಅಂತ ಬರೆದೂ ಬಿಟ್ಟೆ.

'ಗದ್ದೆ' ಮಾತ್ರ ಬೇರೆ ಕಥೆ ಹೇಳುತ್ತಿತ್ತು. ಆ ಪದದ ಹಳೆಯ ರೂಪ 'ಗೞ್ದೆ'. ತಮಿಳಿನಲ್ಲಿ ಇವತ್ತಿಗೂ ಉಳಿದಿರುವ ಆ 'ೞ' ಕನ್ನಡದಲ್ಲಿ ಒಂದೇ ಸಲ ಹೋಗಲಿಲ್ಲ. ಇನ್ನೊಂದು ವ್ಯಂಜನದ ಮುಂದೆ ಇದ್ದಾಗ ಮೊದಲು 'ರ್' ಆಯಿತು: ಗೞ್ದೆ ಗರ್ದೆ ಆಯಿತು, ಪೊೞ್ತು ಪೊರ್ತು ಆಯಿತು. ಸ್ವರದ ಮುಂದೆ ಇದ್ದದ್ದು ಇನ್ನಷ್ಟು ಕಾಲ ನಿಂತು, 10ನೇ ಶತಮಾನದಿಂದ 'ಳ' ಜೊತೆ ಕಲಸಿಕೊಳ್ಳುತ್ತಾ ಹೋಯಿತು. ಆ 'ರ್' ಕೂಡ ಅಳಿದು 'ಗದ್ದೆ', 'ಹೊತ್ತು' ಬಂದದ್ದು ಕೊನೆಗೆ. ಮುಚ್ಚಿದ 'ಬ' ಇರುವ ಕಲ್ಲಿನಲ್ಲಿ ಗದ್ದೆ ಬಂದರೆ ಮುನ್ನೂರು ವರ್ಷದ ಅಂತರವನ್ನು ಒಬ್ಬನೇ ಕಲ್ಲುಕುಟಿಗ ದಾಟಿದ ಹಾಗೆ.

ಇಂಥ ಹೊತ್ತಲ್ಲಿ ಎರಡನ್ನೂ ಕೂಡಿಸಿ ಅರ್ಧ ಮಾಡುವ ಆಸೆ ಬರುತ್ತದೆ. ಒಂದು ಕಡೆ 800, ಇನ್ನೊಂದು ಕಡೆ 1100, ಸುಮ್ನೆ 950 ಅಂದುಬಿಡೋಣ ಅಂತ. ಅದು ಲೆಕ್ಕವಲ್ಲ, ಕಣ್ಣುಮುಚ್ಚಾಲೆ. ಲಿಪಿಗೂ ಭಾಷೆಗೂ ಇಷ್ಟು ದೂರ ಬಿದ್ದರೆ ನಾನು ಮೊದಲು ಅನುಮಾನಿಸುವುದು ನನ್ನ ಓದನ್ನೇ.

ಮತ್ತೆ ಹೋದೆ, ಈ ಸಲ ಕತ್ತಲಾದ ಮೇಲೆ. ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಮೈಗೆ ತಾಗುವ ಹಾಗೆ ಹಿಡಿದರೆ ಉಳಿ ಕೊರೆದ ಗೆರೆಯ ನೆರಳು ಆಳವಾಗಿ, ಒಂದೇ ಸಮ ಬೀಳುತ್ತದೆ. ಕಲ್ಲು ತಾನಾಗಿ ಚಕ್ಕೆ ಎದ್ದ ಜಾಗದ ನೆರಳು ತೆಳು, ಅಂಚು ಹರಕು. 'ಬ' ಮೇಲಿನ ಗೆರೆ ಚಕ್ಕೆಯದು! ಕಾಗದ ಆ ಗುಳಿಗೂ ಕೂತಿತ್ತು, ಮಸಿ ತಾಗದೆ ಎರಡೂ ಒಂದೇ ಹಾಗೆ ಬಿಳಿಯಾಗಿ ಉಳಿದಿದ್ದವು. ನಿಜವಾದ 'ಬ' ಬಾಯಿ ತೆರೆದದ್ದು. ಏಳನೇ ಸಾಲಿನಲ್ಲಿ ಇನ್ನೊಂದು 'ಬ' ಇತ್ತು, ಅದೂ ತೆರೆದದ್ದೇ. ಮೊದಲೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಿತ್ತು, ಸೋಮಾರಿತನ.

ಒಂದು ಮಾತು. ನಮ್ಮ ಕಡೆಯ ಕಲ್ಲು ಗಟ್ಟಿ ಗ್ರಾನೈಟು. ಹೊಯ್ಸಳರ ಬಳಪದ ಕಲ್ಲಿನ ಹಾಗೆ ಉಳಿ ದುಂಡಗೆ ತಿರುಗುವುದಿಲ್ಲ. ಹಾಗಾಗಿ ಅಕ್ಷರ ಕೋನ ಕೋನವಾಗಿ, ಇರುವುದಕ್ಕಿಂತ ಹಳೆಯದಾಗಿ ಕಾಣುತ್ತದೆ. ಹಳ್ಳಿಯ ವೀರಗಲ್ಲಿನಲ್ಲಿ ಅಕ್ಷರದ ದುಂಡುತನ ನೋಡಿ ಕಾಲ ಹೇಳಬಾರದು. ಗೆರೆ ಸೇರಿದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ನಾನು ನಂಬುತ್ತೇನೆ.

ಇನ್ನು ಗದ್ದೆ. ಆ ಕಾಲದಲ್ಲಿ 'ರ್' ಅನ್ನು ಈಗಿನ ಅರ್ಕಾವೊತ್ತಿನ ಹಾಗೆ ಪಕ್ಕದಲ್ಲಿ ಬರೆಯುತ್ತಿರಲಿಲ್ಲ. ಅಕ್ಷರದ ತಲೆಯ ಮೇಲೆ ಒಂದು ಸಣ್ಣ ಗೆರೆಯಾಗಿ ಏರಿಸುತ್ತಿದ್ದರು. ಅದರ ಜೊತೆಗೆ 'ರ್' ಆದ ಮೇಲಿನ ವ್ಯಂಜನವನ್ನು ಇಮ್ಮಡಿ ಮಾಡಿ ಬರೆಯುವುದು ರೂಢಿ: ಧರ್ಮ್ಮ, ಸರ್ವ್ವ, ಮಾರ್ಗ್ಗ. ಆ ಲೆಕ್ಕದಲ್ಲಿ ಗರ್ದೆ ಅನ್ನುವುದು ಕಲ್ಲಿನ ಮೇಲೆ 'ಗರ್ದ್ದೆ'. ತಲೆಯ ಮೇಲಿನ ಆ ಗೆರೆ ಕಣ್ಣಿಗೆ ತಪ್ಪಿದರೆ ಉಳಿಯುವುದು ಏನು? ಗದ್ದೆ. ಟಾರ್ಚ್ ಬೆಳಕಲ್ಲಿ ಅದು ಕಂಡಿತು. 'ದೆ' ಮೇಲಿನ ಎತ್ವಕ್ಕೆ ಅಂಟಿಕೊಂಡು, ಅಕ್ಕಿಕಾಳಿನಷ್ಟು ಉದ್ದ. ಪಡಿಯಚ್ಚಿನಲ್ಲಿ ಎರಡೂ ಸೇರಿ ಒಂದೇ ಬಿಳಿ ಮುದ್ದೆ ಆಗಿತ್ತು.

ಒಂದು ಕಡೆ 800 ಇಲ್ಲ, ಇನ್ನೊಂದು ಕಡೆ 1100 ಇಲ್ಲ. ತೆರೆದ 'ಬ', ಗರ್ದ್ದೆ, ಎರಡೂ 9ನೇ ಶತಮಾನದ ಈಚೆಗೆ ಒಟ್ಟಿಗೆ ಇರಬಹುದಾದವು.

ಎಷ್ಟು ಈಚೆಗೆ? ಕೊನೆಯ ಸಾಲಿನ ಶಾಪದಲ್ಲಿ 'ಇದನೞಿದೊಂ' ಅಂತ 'ೞ' ಸರಿಯಾಗಿಯೇ ಇತ್ತು. ಅದಕ್ಕೆ ನಾನು ಜಾಸ್ತಿ ಬೆಲೆ ಕೊಡಲಿಲ್ಲ. 'ಸ್ವಸ್ತಿ ಶ್ರೀ' ಮತ್ತು ಶಾಪದ ಮಾತು ಬಾಯಿಪಾಠ. ಬಾಯಲ್ಲಿ ಸತ್ತ ಅಕ್ಷರ ಅಲ್ಲಿ ಬಹಳ ಕಾಲ ಉಳಿಯುತ್ತದೆ. ಊರಿನ ಹೆಸರಿನಲ್ಲಿ 'ಪಳ್ಳಿ' ಅಂತ 'ಪ' ಇದ್ದದ್ದೂ ಅಷ್ಟೇ. ಬಾಯಲ್ಲಿ 'ಹ' ಬಂದ ಮೇಲೂ ಊರ ಹೆಸರನ್ನು ಹಳೆಯ ಹಾಗೆ ಬರೆಯುತ್ತಾರೆ. ನಾನು ಹುಡುಕಿದ್ದು ಬರೆದವನ ತಪ್ಪನ್ನು. ಐದನೇ ಸಾಲಿನಲ್ಲಿ ಸಿಕ್ಕಿತು: 'ಒೞಗೆ'. ತಮಿಳಿನ 'ಉಳ್' ನೋಡಿದರೆ ಗೊತ್ತಾಗುತ್ತದೆ, 'ಒಳಗೆ' ಪದದಲ್ಲಿ ಯಾವತ್ತೂ 'ೞ' ಇರಲಿಲ್ಲ. ಬರೆದವನಿಗೆ 'ೞ' ಅನ್ನುವ ಅಕ್ಷರ ಇದೆ ಅಂತ ಗೊತ್ತು, ಎಲ್ಲಿ ಬರಬೇಕು ಅಂತ ಕಿವಿ ಹೇಳುತ್ತಿಲ್ಲ. 13ನೇ ಶತಮಾನದಲ್ಲಿ ಕೇಶಿರಾಜ 'ೞ' ಇರುವ ಪದಗಳ ಪಟ್ಟಿಯನ್ನೇ ಕೊಡಬೇಕಾಗಿ ಬಂದದ್ದು ಇದಕ್ಕೇ ಅಲ್ವಾ.

ಈ ಒಂದು ತಪ್ಪು ಕಾಲವನ್ನು 10ನೇ ಶತಮಾನಕ್ಕೆ ಎಳೆಯಿತು. ಗರ್ದ್ದೆಯ 'ರ್' ಇನ್ನೂ ಅಳಿಯದೆ ಇರುವುದರಿಂದ ಅದಕ್ಕಿಂತ ಬಹಳ ಈಚೆಗೆ ತರಲೂ ಆಗುವುದಿಲ್ಲ. ಆಮೇಲೆ ಎಪಿಗ್ರಾಫಿಯಾ ಕರ್ನಾಟಿಕಾದ ತುಮಕೂರು ಸಂಪುಟ, 12ನೆಯದು, ತೆಗೆದು ಶಕವರ್ಷ ಇರುವ ಕಲ್ಲುಗಳ ಪಾಠದ ಜೊತೆ ಮಾತ್ರ ಹೋಲಿಸಿದೆ. ಕಾಲ ಇಲ್ಲದ ಕಲ್ಲುಗಳಿಗೆ ಅದರ ಸಂಪಾದಕ ರೈಸ್ ಅಂದಾಜು ಕಾಲ ಹಾಕಿದ್ದಾರೆ. ಅದನ್ನು ಆಧಾರ ಮಾಡಿಕೊಂಡರೆ ಅವರ ಅಂದಾಜಿನ ಮೇಲೆ ನನ್ನ ಅಂದಾಜು ಕೂರುತ್ತದೆ. ಮುರಿದ ಮೂಲೆಯಲ್ಲಿ 'ನೊಳಂ' ಅನ್ನುವ ಹಾಗೆ, ನೊಳಂಬ ಅರಸರ ಹೆಸರಿನ ಶುರುವಿನ ಹಾಗೆ, ಕಾಣುವ ಎರಡು ಅಕ್ಷರ ಇತ್ತು, ಅದನ್ನು ಕೊನೆಯವರೆಗೂ ಲೆಕ್ಕಕ್ಕೆ ತರಲಿಲ್ಲ. ರಾಜನ ಹೆಸರು ಮೊದಲೇ ತಲೆಯಲ್ಲಿ ಕೂತರೆ ಎಲ್ಲ ಅಕ್ಷರವೂ ಅವನ ಕಾಲದ್ದೇ ಆಗಿ ಕಾಣುತ್ತದೆ.

ಪುಸ್ತಕದಲ್ಲಿ 'ಸು. 800' ಹೊಡೆದು ಹಾಕಿ 'ಸು. 900ರಿಂದ 1000' ಅಂತ ಬರೆದೆ. ಪಕ್ಕದಲ್ಲಿ ಆಧಾರ: ತೆರೆದ ಬ, ಗರ್ದ್ದೆ, ಒೞಗೆ. ಅಜ್ಜನಿಗೆ 'ಸಾವಿರದ ಎಪ್ಪತ್ತೈದು ವರ್ಷ, ಐವತ್ತು ಆಚೆ ಈಚೆ' ಅಂದೆ. 'ಅಷ್ಟೇನಾ?' ಅಂದರು, ಬೇಜಾರಾಗಿ.