ಒಂದೇ ಫೋಟೊದಲ್ಲಿ ನಾಲ್ಕು ಪತ್ರಿಕೆ: ಮೊದಲು ವಿಂಗಡಿಸಿ, ಆಮೇಲೆ ಬಿಡಿಸಿ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಂತೆ ರಾಯಚೂರು, ಬಳ್ಳಾರಿ ಕಡೆ ಟ್ಯೂಷನ್ ಹೇಳುವವರ ವಾಟ್ಸ್‌ಆ್ಯಪ್‌ಗೆ ಹಳೆಯ ಪ್ರಶ್ನೆಪತ್ರಿಕೆಗಳ ಫೋಟೊ ಬರತೊಡಗುತ್ತವೆ. ಚಾಪೆಯ ಮೇಲೆ ನಾಲ್ಕು ಹಾಳೆ ಹರವಿ, ಒಂದೇ ಫೋಟೊ ತೆಗೆದು, ಕೆಳಗೆ ‘ಸರ್, ಇವಕ್ಕೆ ಉತ್ತರ ಹೇಳ್ರಿ’ ಎಂದು ಬರೆದಿರುತ್ತಾರೆ. ಒಂದು ಹಾಳೆ ಕನ್ನಡ, ಒಂದು ಹಿಂದಿ, ಇನ್ನೊಂದು ತಲೆಕೆಳಗಾದ ಉರ್ದು. ಮೇಲಿನ ಎಡಮೂಲೆಯಿಂದಲೇ ಬಿಡಿಸಲು ಕೂತರೆ ಒಂದು ವಿಷಯದ ಪ್ರಶ್ನೆ ಇನ್ನೊಂದರ ಬಾಲಕ್ಕೆ ಅಂಟಿಕೊಳ್ಳುತ್ತದೆ.

ಮೊದಲು ಫೋಟೊ ಹಿಗ್ಗಿಸಿ ಹಾಳೆಗಳಿಗೆ ಅ, ಆ, ಇ, ಈ ಎಂದು ಹೆಸರಿಡಿ. ಇದಕ್ಕೆ ಅಂಕಿ ಬೇಡ, ಪ್ರಶ್ನೆಸಂಖ್ಯೆಯ ಜೊತೆ ಕಲಸಿಹೋಗುತ್ತದೆ. ಬಳಿಕ ಪ್ರತಿ ಹಾಳೆಯ ತಲೆ ನೋಡಿ. ಮಂಡಳಿಯ ಪತ್ರಿಕೆಗಳಲ್ಲಿ ಒಳಪುಟದ ನೆತ್ತಿಯ ಮೇಲೂ ಸಂಕೇತ ಇರುತ್ತದೆ. ಅದರ ಅಂಕಿ ವಿಷಯ ಹೇಳುತ್ತದೆ: 81 ಗಣಿತ, 83 ವಿಜ್ಞಾನ, 85 ಸಮಾಜ ವಿಜ್ಞಾನ. ಅಕ್ಷರ ಮಾಧ್ಯಮ ಹೇಳುತ್ತದೆ: 81-K ಕನ್ನಡ ಮಾಧ್ಯಮದ ಗಣಿತ, 81-E ಇಂಗ್ಲಿಷ್ ಮಾಧ್ಯಮದ್ದು. ಪ್ರಥಮ ಭಾಷೆ ಕನ್ನಡ 01-K, ತೃತೀಯ ಭಾಷೆ ಹಿಂದಿ 61-H. ಕನ್ನಡದಲ್ಲಿ ಅಚ್ಚಾದದ್ದೆಲ್ಲ ಕನ್ನಡ ವಿಷಯವಲ್ಲ ಎಂಬುದು ಇಲ್ಲಿಯೇ ಗೊತ್ತಾಗುತ್ತದೆ.

ನೆತ್ತಿ ಫೋಟೊದಿಂದ ಹೊರಗುಳಿದಿದ್ದರೆ ಲಿಪಿ ನೋಡಬೇಕು. ನಮ್ಮ ಗಡಿಯಲ್ಲಿ ಹೆಚ್ಚು ತೊಡಕು ಕೊಡುವ ಜೋಡಿ ಕನ್ನಡ–ತೆಲುಗು. ಮಸುಕಾದಾಗ ಎರಡೂ ದುಂಡಗೆ ಒಂದೇ ಥರ ಕಾಣುತ್ತವೆ. ತಲೆಕಟ್ಟು ಹಿಗ್ಗಿಸಿ ನೋಡಿ: ಕನ್ನಡದ್ದು ಅಡ್ಡಗೆರೆಯಂತೆ ಮಲಗಿರುತ್ತದೆ, ತೆಲುಗಿನದು ಮೇಷ್ಟ್ರು ಹಾಕುವ ಸರಿ ಗುರುತಿನಂತೆ ಓರೆಯಾಗಿ ಎದ್ದಿರುತ್ತದೆ. ವಾಕ್ಯದ ಕೊನೆ ‘ಬರೆಯಿರಿ’ ಎಂದಿದೆಯೋ ‘ವ್ರಾಯಂಡಿ’ ಎಂದಿದೆಯೋ ನೋಡಿದರೆ ಅನುಮಾನವೇ ಉಳಿಯದು. ಉರ್ದು ಪುಸ್ತಕದ ಎರಡು ಪುಟ ಒಟ್ಟಿಗೆ ತೆರೆದಿದ್ದರೆ ಬಲಪುಟವೇ ಮೊದಲನೆಯದು. ಇದನ್ನು ಮರೆತು ಎಡದಿಂದ ಓದಿದವರು ಬಹಳ.

ಈಗ ಒಂದು ಫೋಟೊ ಬಿಡಿಸೋಣ. ‘ಅ’ ಹಾಳೆಯ ನೆತ್ತಿಯಲ್ಲಿ 81-K ಇದೆ, ಕೊನೆಯ ಪ್ರಶ್ನೆ 26. ‘ಆ’ ಹಾಳೆ 61-H. ‘ಇ’ ಉರ್ದು. ‘ಈ’ ಹಾಳೆಯ ನೆತ್ತಿ ಕತ್ತರಿಸಿಹೋಗಿದೆ. ಅದು ‘ಅಥವಾ’ ಎಂಬ ಪದದಿಂದ ಶುರುವಾಗುತ್ತದೆ, ಆಮೇಲೆ ಪ್ರಶ್ನೆ 27 ಇದೆ.

26ರ ಮುಂದೆ 27, ಹಾಗಾಗಿ ‘ಈ’ ಹಾಳೆ ‘ಅ’ದ ಮುಂದಿನ ಪುಟ ಎಂದು ಕೈ ತಾನಾಗಿ ಜೋಡಿಸಿಬಿಡುತ್ತದೆ. ಆದರೆ 27ನೇ ಪ್ರಶ್ನೆ ಏನು ಕೇಳುತ್ತಿದೆ? 6 Ω ಮತ್ತು 3 Ω ರೋಧಕಗಳನ್ನು ಸಮಾಂತರವಾಗಿ ಜೋಡಿಸಿದಾಗ ಒಟ್ಟು ರೋಧ ಎಷ್ಟು ಎಂದು. ಲೆಕ್ಕವೇ ಹೌದು, ಆದರೆ ಓಮ್ ಗುರುತು ಬಂದಲ್ಲಿ ಅದು ವಿಜ್ಞಾನ. ಹಾಗಾದರೆ ಆ ‘ಅಥವಾ’ಕ್ಕೂ ಗಣಿತದ 26ಕ್ಕೂ ಸಂಬಂಧವಿಲ್ಲ. ಅದು ಫೋಟೊದಲ್ಲಿ ಇಲ್ಲದ ವಿಜ್ಞಾನದ ಹಾಳೆಯಲ್ಲಿ ಶುರುವಾದ ಪ್ರಶ್ನೆಯ ಎರಡನೇ ಆಯ್ಕೆ. 27ಕ್ಕೆ ಉತ್ತರ ಕೊಡಬಹುದು: (6 × 3) ÷ (6 + 3) = 2 Ω. ‘ಅಥವಾ’ದ ಭಾಗಕ್ಕೆ ಹಿಂದಿನ ಪುಟ ಕಳಿಸಲು ಹೇಳಬೇಕು. ‘ಇ’ ಹಾಳೆಯ ಬಗ್ಗೆ ಮೊದಲು ಕೇಳುವುದು ಒಳ್ಳೆಯದು. ಕನ್ನಡ ಮಾಧ್ಯಮದ ಹುಡುಗನ ಫೋಟೊದಲ್ಲಿ ಉರ್ದು ಮಾಧ್ಯಮದ ಅಕ್ಕನ ಹಾಳೆ ನುಸುಳುವುದು ಇಲ್ಲಿಯ ಮನೆಗಳಲ್ಲಿ ಹೊಸದೇನಲ್ಲ.

ಇನ್ನು ಮಸುಕಿನ ಮಾತು. ವಾಟ್ಸ್‌ಆ್ಯಪ್ ಸಾಮಾನ್ಯ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. ನಾಲ್ಕು ಹಾಳೆ ಎರಡರ ಮೇಲೆ ಎರಡು ಇಟ್ಟರೆ ಪ್ರತಿ ಹಾಳೆಗೆ ಸಿಗುವುದು ಅದರ ಕಾಲುಭಾಗ. ಆಗ ಮೊದಲು ಅಳಿಯುವುದು ಚಿಕ್ಕ ಗುರುತುಗಳು: ದ–ಧ, ಪ–ಫಗಳ ಕೆಳಗಿನ ಸೀಳು, ಒತ್ತಕ್ಷರ, ದಶಮಾಂಶ ಚುಕ್ಕೆ, ಘಾತದ 2 ಮತ್ತು 3. ‘ಅ’ ಹಾಳೆಯಲ್ಲಿ x² + 5x + 6 = 0 ಎಂಬುದರ ಘಾತ 3ರಂತೆಯೂ ಕಾಣುತ್ತಿತ್ತು. ಪಕ್ಕದಲ್ಲಿ ‘ವರ್ಗಸಮೀಕರಣ’ ಎಂದು ಇದ್ದದ್ದರಿಂದ 2 ಎಂದು ಖಚಿತವಾಯಿತು, ಮೂಲಗಳು −2 ಮತ್ತು −3. ಅಂಥ ಸುಳಿವು ಇಲ್ಲದ ಕಡೆ ಊಹಿಸಿ ಬಿಡಿಸಬೇಡಿ. ಆ ಒಂದೇ ಸಾಲಿನ ಫೋಟೊ ಹತ್ತಿರದಿಂದ ತೆಗೆದು, ಗ್ಯಾಲರಿಯಿಂದಲ್ಲ, ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಹಾಗೆ ಕಳಿಸಿದ್ದು ಕುಗ್ಗುವುದಿಲ್ಲ.

ಉತ್ತರವನ್ನೂ ಒಂದೇ ಉದ್ದ ಸಂದೇಶವಾಗಿ ಕಳಿಸಬೇಡಿ. ಹಾಳೆಗೊಂದು ಸಂದೇಶ, ಮೊದಲ ಸಾಲಿನಲ್ಲಿ ‘ಅ, ಗಣಿತ, 24ರಿಂದ 26’ ಎಂಬ ತಲೆಬರಹ. ವಿವರಣೆ ಕನ್ನಡದಲ್ಲಿರಲಿ, ಆದರೆ ಉತ್ತರಪತ್ರಿಕೆಯಲ್ಲಿ ಬರೆಯಬೇಕಾದ ವಾಕ್ಯ ಆ ಹಾಳೆಯ ಭಾಷೆಯಲ್ಲೇ ಇರಬೇಕು. ಹಿಂದಿಯ ಉತ್ತರವನ್ನು ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದರೆ ಹುಡುಗರು ದೀರ್ಘ, ಅನುಸ್ವಾರಗಳನ್ನು ತಪ್ಪಾಗಿ ಬರೆದುಕೊಳ್ಳುತ್ತಾರೆ. ಅದನ್ನು ಕಾಗದದ ಮೇಲೆ ಕೈಯಲ್ಲಿ ಬರೆದು ಫೋಟೊ ಕಳಿಸಿ, ಹಾಳೆ ಮಾತ್ರ ಒಂದೇ ಇರಲಿ.