‘ಜಾಸ್ತಿ ಹಾಕ್ಬಿಟ್ಟೆ, ವಾಪಸ್ ಹಾಕಿ’ ಅಂದರೆ ಏನು ಮಾಡಬೇಕು?

ತುಮಕೂರಲ್ಲಿ ಮನೆಯಿಂದಲೇ ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಮಾಡಿ ಮಾರುವ ನಮ್ಮಂಥವರಿಗೆ ಅಂಗಡಿ ಅಂದರೆ ಫೋನೇ. ಇನ್‌ಸ್ಟಾದಲ್ಲಿ ಫೋಟೋ ಹಾಕುತ್ತೇವೆ, ಮೆಸೇಜಲ್ಲಿ ಆರ್ಡರ್ ಬರುತ್ತದೆ, ಯುಪಿಐನಲ್ಲಿ ದುಡ್ಡು ಬರುತ್ತದೆ. ಇದೇ ದಾರಿಯಲ್ಲಿ ಕಳ್ಳರೂ ಬರುತ್ತಾರೆ. ನಮ್ಮ ಸಂಘದಲ್ಲೇ ಒಬ್ಬರಲ್ಲ, ಮೂವರು ಒಂದೇ ಬಗೆಯ ಮೋಸಕ್ಕೆ ಸಿಕ್ಕಿದ್ದನ್ನು ನೋಡಿದ್ದೇನೆ. ಅದಕ್ಕೇ ಆ ಒಂದು ಮೋಸವನ್ನು, ಅದರಿಂದ ಪಾರಾಗುವುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಗುಬ್ಬಿ ಕಡೆಯ ಅಕ್ಕ ಒಬ್ಬರಿಗೆ ಆದದ್ದು ಹೀಗೆ. ಮೂರು ಕೆಜಿ ಚಟ್ನಿಪುಡಿ, ಒಂದು ಕೆಜಿ ಕೊಬ್ಬರಿ ಮಿಠಾಯಿ ಬೇಕು ಅಂತ ಮೆಸೇಜ್ ಬಂತು. ಒಟ್ಟು 1,850 ರೂಪಾಯಿ. ಸ್ವಲ್ಪ ಹೊತ್ತಿಗೆ ಆತನೇ ಫೋನ್ ಮಾಡಿ, ‘ಮೇಡಂ, ದುಡ್ಡು ಹಾಕ್ತಾ ಇದೀನಿ, ಲೈನಲ್ಲೇ ಇರಿ’ ಅಂದ. ಟಿಣ್ ಅಂತ ಎಸ್ಸೆಮ್ಮೆಸ್ ಬಂತು: 18,500 ರೂಪಾಯಿ ಜಮಾ ಆಗಿದೆ ಅಂತ. ಆತ ಗಾಬರಿಯ ದನಿಯಲ್ಲಿ, ‘ಅಯ್ಯೋ, ಒಂದು ಸೊನ್ನೆ ಜಾಸ್ತಿ ಒತ್ತಿಬಿಟ್ಟೆ. ಆಸ್ಪತ್ರೆಗೆ ಕಟ್ಟೋ ದುಡ್ಡು ಅದು. ನಿಮ್ಮ 1,850 ಇಟ್ಕೊಂಡು ಮಿಕ್ಕಿದ್ದು ಈ ನಂಬರ್‌ಗೆ ಹಾಕಿ ಮೇಡಂ’ ಅಂದ. ಅಕ್ಕ ಲೆಕ್ಕ ಮಾಡಿ 16,650 ರೂಪಾಯಿ ಹಾಕಿಬಿಟ್ಟರು. 18,500 ಬಂದೇ ಇರಲಿಲ್ಲ. ಆ ಎಸ್ಸೆಮ್ಮೆಸ್ಸನ್ನು ಟೈಪ್ ಮಾಡಿ ಕಳಿಸಿದ್ದು ಅವನೇ.

ಮೊದಲ ಹೆಜ್ಜೆ: ಆರ್ಡರ್ ಓದುವುದು

ಇದಕ್ಕೆ ಜಾಸ್ತಿ ಹೊತ್ತು ಬೇಡ. ನಿಜವಾಗಿ ತಿನ್ನುವವರು ಖಾರ ಎಷ್ಟು, ಬೆಳ್ಳುಳ್ಳಿ ಹಾಕ್ತೀರಾ, ಎಷ್ಟು ದಿನ ಇರುತ್ತೆ ಅಂತ ಕೇಳುತ್ತಾರೆ. ಕೊರಿಯರ್ ಚಾರ್ಜ್ ಕಮ್ಮಿ ಮಾಡಿ ಅಂತ ಚೌಕಾಸಿ ಮಾಡುತ್ತಾರೆ. ಕಳ್ಳನಿಗೆ ಪುಡಿಯ ಮಾತೇ ಬೇಡ, ಅವನ ಮಾತೆಲ್ಲ ದುಡ್ಡು ಕಳಿಸುವುದರ ಸುತ್ತಲೇ. ಹೇಳಿದ ರೇಟಿಗೆ ತಕ್ಷಣ ಒಪ್ಪುತ್ತಾನೆ. ಮಿಲಿಟರಿಯಲ್ಲಿದ್ದೇನೆ ಅಂತ ಕೇಳದೇನೇ ಗುರುತಿನ ಚೀಟಿಯ ಫೋಟೋ ಕಳಿಸಿದರೆ ಅಲ್ಲೇ ನಿಲ್ಲಿಸಿ. ಕೊಳ್ಳುವವರು ಗುರುತಿನ ಚೀಟಿ ತೋರಿಸಬೇಕಾದ ವ್ಯಾಪಾರ ಅಲ್ಲ ನಮ್ಮದು. ಫೋನ್ ಮಾಡಿದವರ ಹೆಸರು ತೋರಿಸುವ ಆ್ಯಪ್‌ಗಳನ್ನೂ ನಂಬಬೇಡಿ. ಅಲ್ಲಿ ಯಾರು ಬೇಕಾದರೂ ಹೆಸರಿನ ಜೊತೆ ‘ಆರ್ಮಿ’ ಅಂತ ಬರೆದುಕೊಳ್ಳಬಹುದು.

ಆರ್ಡರ್ ಲಿಸ್ಟ್ ಕಳಿಸಿದ್ದೇನೆ ಅಂತ ಫೈಲ್ ಬಂದರೆ ಅದರ ಹೆಸರಿನ ಕೊನೆ ನೋಡಿ. `.apk` ಅಂತಿದ್ದರೆ ಅದು ಲಿಸ್ಟ್ ಅಲ್ಲ, ನಿಮ್ಮ ಫೋನಿಗೆ ಇಳಿಯುವ ಆ್ಯಪ್. ಹಾಕಿಕೊಂಡರೆ ನಿಮ್ಮ ಎಸ್ಸೆಮ್ಮೆಸ್‌ಗಳನ್ನೂ ಒಟಿಪಿಯನ್ನೂ ಓದಬಲ್ಲದು. ತೆರೆಯದೇ ಅಳಿಸಿ.

ಎರಡನೇ ಹೆಜ್ಜೆ: ದುಡ್ಡು ನಿಜವಾಗಿ ಬಂತಾ ಅಂತ ನೋಡುವುದು

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಮೊದಲು ಫೋನ್ ಇಡಿ. ‘ಲೈನಲ್ಲೇ ಇರಿ’ ಅನ್ನುವುದೇ ಅವರ ಮುಖ್ಯ ಹತಾರ. ಮಾತಾಡುತ್ತಾ ಇದ್ದರೆ ನೀವು ಇನ್ನೊಂದು ಆ್ಯಪ್ ತೆರೆದು ನೋಡುವುದಿಲ್ಲ, ಪಕ್ಕದಲ್ಲಿರುವ ಮಗಳನ್ನೂ ಕೇಳುವುದಿಲ್ಲ. ‘ಒಲೆ ಮೇಲೆ ಎಣ್ಣೆ ಇದೆ, ಹತ್ತು ನಿಮಿಷ ಬಿಟ್ಟು ನಾನೇ ಮಾಡ್ತೀನಿ’ ಅಂತ ಹೇಳಿ ಇಟ್ಟುಬಿಡಿ. ನಿಜವಾದ ಗಿರಾಕಿ ಕಾಯುತ್ತಾರೆ.

ಆಮೇಲೆ ಆ ಎಸ್ಸೆಮ್ಮೆಸ್ ಎಲ್ಲಿಂದ ಬಂದಿದೆ ನೋಡಿ. ಬ್ಯಾಂಕಿನದು ಹತ್ತಂಕಿಯ ಮೊಬೈಲ್ ನಂಬರಿಂದ ಬರುವುದಿಲ್ಲ. ಎರಡು ಅಕ್ಷರ, ಒಂದು ಗೆರೆ, ಆಮೇಲೆ ಬ್ಯಾಂಕಿನ ಗುರುತು, ಹೀಗೆ ಬರುತ್ತದೆ. 2025ರಿಂದ ಕೊನೆಯಲ್ಲಿ `-S` ಅಥವಾ `-T` ಅಂತಲೂ ಇರುತ್ತದೆ. ಅಕ್ಕನಿಗೆ ಬಂದಿದ್ದು ಮಾಮೂಲಿ ಮೊಬೈಲ್ ನಂಬರಿಂದ. ಇನ್ನೊಂದು ಗುರುತೂ ಅದರಲ್ಲೇ ಇತ್ತು. ಬ್ಯಾಂಕಿನ ಮೆಸೇಜಲ್ಲಿ ನಿಮ್ಮ ಖಾತೆಯ ಕೊನೆಯ ಮೂರೋ ನಾಲ್ಕೋ ಅಂಕಿ ಇರುತ್ತದೆ. ಕಳ್ಳನಿಗೆ ಅದು ಗೊತ್ತಿಲ್ಲ. ಅದಕ್ಕೇ ಅಕ್ಕನ ಮೆಸೇಜಲ್ಲಿ ಅಂಕಿ ಇರಬೇಕಾದ ಜಾಗದಲ್ಲಿ ಬರೀ ಎಕ್ಸ್ ಎಕ್ಸ್ ಎಕ್ಸ್ ಅಂತಿತ್ತು.

ಆದರೆ ಗುರುತೆಲ್ಲ ಸರಿಯಾಗಿದೆ ಅಂತ ಮೆಸೇಜನ್ನೇ ನಂಬಿ ಕೂರಬೇಡಿ. ಎಸ್ಸೆಮ್ಮೆಸ್ ಬಂದ ಮಾತ್ರಕ್ಕೆ ದುಡ್ಡು ಬಂತು ಅಂತಲ್ಲ. ಬರಲಿಲ್ಲ ಅಂದರೆ ದುಡ್ಡು ಬಂದಿಲ್ಲ ಅಂತಲೂ ಅಲ್ಲ, ಯಾಕಂದರೆ ಸಣ್ಣ ಮೊತ್ತಕ್ಕೆ ಎಸ್ಸೆಮ್ಮೆಸ್ ಕಳಿಸುವುದನ್ನೇ ಬಿಟ್ಟ ಬ್ಯಾಂಕುಗಳಿವೆ. ಗಿರಾಕಿ ಕಳಿಸುವ ಸ್ಕ್ರೀನ್‌ಶಾಟ್ ಅಂತೂ ಲೆಕ್ಕಕ್ಕೇ ಇಲ್ಲ. ಹಸಿರು ಟಿಕ್ ಸಮೇತ ಸುಳ್ಳು ರಸೀದಿ ತಯಾರಿಸುವ ಆ್ಯಪ್‌ಗಳು ಓಡಾಡುತ್ತಿವೆ. ಅಂಗಡಿಗಳಲ್ಲಿ ಮಾತಾಡುವ ಆ ಪುಟ್ಟ ಸ್ಪೀಕರ್ ಸಂತೆಯಲ್ಲಿ ಮಾರುವವರಿಗೆ ಒಳ್ಳೆಯದು. ಆದರೆ ಅದು ತನ್ನ ಕ್ಯೂಆರ್‌ಗೆ ಬಂದ ದುಡ್ಡನ್ನು ಮಾತ್ರ ಹೇಳುತ್ತದೆ. ನಿಮ್ಮ ಸ್ವಂತ ನಂಬರ್‌ಗೆ ಹಾಕಿದ್ದೇನೆ ಅಂತ ಮೆಸೇಜಲ್ಲಿ ಹೇಳುವವರ ವಿಷಯದಲ್ಲಿ ಅದರಿಂದ ಉಪಯೋಗ ಇಲ್ಲ.

ನಂಬಬೇಕಾದದ್ದು ಖಾತೆಯನ್ನು ಮಾತ್ರ. ನಿಮ್ಮ ಬ್ಯಾಂಕಿನ ಆ್ಯಪಲ್ಲಿ ಮಿನಿ ಸ್ಟೇಟ್‌ಮೆಂಟ್ ತೆರೆಯಿರಿ. ಬಂದ ದುಡ್ಡಿನ ಸಾಲು ಅಲ್ಲಿರಬೇಕು, ಉಳಿಕೆಯೂ ಅಷ್ಟು ಏರಿರಬೇಕು. ಯುಪಿಐ ಆ್ಯಪಲ್ಲಿ ಬ್ಯಾಲೆನ್ಸ್ ನೋಡಿದರೂ ಆದೀತು. ಒಂದು ಆ್ಯಪಲ್ಲಿ ದಿನಕ್ಕೆ 50 ಸಲ ನೋಡಬಹುದು, ನಮ್ಮ ವ್ಯಾಪಾರಕ್ಕೆ ಧಾರಾಳ. ನನಗೆ ಮಿನಿ ಸ್ಟೇಟ್‌ಮೆಂಟೇ ಮೇಲು, ಯಾಕಂದರೆ ಬ್ಯಾಲೆನ್ಸ್ ನೋಡಿ ಅರ್ಥ ಮಾಡಿಕೊಳ್ಳಬೇಕಾದರೆ ಮುಂಚೆ ಎಷ್ಟಿತ್ತು ಅಂತ ನೆನಪಿರಬೇಕು. ಆ ಆ್ಯಪ್ ಇಲ್ಲದವರು ಉಳಿಕೆ ತಿಳಿಸುವ ಬ್ಯಾಂಕಿನ ಮಿಸ್ಡ್ ಕಾಲ್ ನಂಬರನ್ನು ಪಾಸ್‌ಬುಕ್ಕಿನ ಮೇಲೆ ಬರೆದಿಟ್ಟುಕೊಳ್ಳಿ. ಆ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಶಾಖೆಯಲ್ಲೇ ಕೇಳಿ.

ಈಗ ಪಿನ್ ವಿಚಾರ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಡವೇ ಬೇಡ. ಕ್ಯೂಆರ್ ಸ್ಕ್ಯಾನ್ ಮಾಡುವುದೂ ದುಡ್ಡು ಕೊಡುವುದಕ್ಕೇ, ತೆಗೆದುಕೊಳ್ಳುವುದಕ್ಕಲ್ಲ. ‘ನಮ್ಮ ಕ್ಯಾಂಪಿನ ಸಿಸ್ಟಮ್ ಬೇರೆ, ನಾನು ಕಳಿಸಿದ ಕೋಡ್ ಸ್ಕ್ಯಾನ್ ಮಾಡಿ, ನಿಮಗೆ ದುಡ್ಡು ಬರುತ್ತೆ’ ಅಂದರೆ ಅದು ನಿಮ್ಮ ದುಡ್ಡು ಹೋಗುವ ದಾರಿ. ಬ್ಯಾಲೆನ್ಸ್ ನೋಡುವಾಗಲೂ ಪಿನ್ ಕೇಳುತ್ತದಲ್ಲ, ಅದರಿಂದಲೇ ಹಲವರು ಗಲಿಬಿಲಿ ಆಗುತ್ತಾರೆ. ಪಿನ್ ಒತ್ತುವ ಪುಟದ ಮೇಲ್ಭಾಗ ನೋಡಿ. ದುಡ್ಡು ಹೋಗುವುದಾದರೆ ಅಲ್ಲಿ ಯಾರದೋ ಹೆಸರು, ಪಕ್ಕದಲ್ಲಿ ಮೊತ್ತ ಇರುತ್ತದೆ. ಬ್ಯಾಲೆನ್ಸ್ ನೋಡುವುದಾದರೆ ನಿಮ್ಮ ಬ್ಯಾಂಕು, ನಿಮ್ಮ ಖಾತೆ ಅಷ್ಟೇ. ಬೇರೆ ಹೆಸರೋ ಮೊತ್ತವೋ ಕಂಡರೆ ಹಿಂದಕ್ಕೆ ಬನ್ನಿ.

ಒಂದು ವಿಷಯ ತಿಳಿದಿರಲಿ. 2025ರ ಅಕ್ಟೋಬರ್ 1ರಿಂದ ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಯುಪಿಐನಲ್ಲಿ ‘ದುಡ್ಡು ಕೊಡಿ’ ಅಂತ ರಿಕ್ವೆಸ್ಟ್ ಕಳಿಸುವ ಸೌಲಭ್ಯವನ್ನು ನಿಲ್ಲಿಸಿದ್ದಾರೆ. ಆ ಒಂದು ಬಾಗಿಲು ಮುಚ್ಚಿದೆ. ಆದರೆ ನೀವಾಗಿಯೇ ಸ್ಕ್ಯಾನ್ ಮಾಡಿದರೆ, ನೀವಾಗಿಯೇ ನಂಬರ್ ಹಾಕಿ ಕಳಿಸಿದರೆ ಅದನ್ನು ಯಾವ ನಿಯಮವೂ ತಡೆಯುವುದಿಲ್ಲ. ನಿಮ್ಮ ಪಿನ್ ಒತ್ತಿ ಹೋದ ದುಡ್ಡನ್ನು ಬ್ಯಾಂಕು ನೀವೇ ಕಳಿಸಿದ್ದು ಅಂತಲೇ ನೋಡುತ್ತದೆ.

ಮೂರನೇ ಹೆಜ್ಜೆ: ಉತ್ತರ

ವಾದ ಬೇಡ, ಬೈಗುಳ ಬೇಡ. ನಾನು ಫೋನಲ್ಲಿ ಬರೆದಿಟ್ಟುಕೊಂಡು ಹಾಗೇ ಅಂಟಿಸುವುದು ಇದು: ‘ಖಾತೆಯಲ್ಲಿ ದುಡ್ಡು ಕಾಣುತ್ತಿಲ್ಲ. ಕಂಡ ಮೇಲೆ ಪ್ಯಾಕ್ ಮಾಡುತ್ತೇನೆ.’ ಕಳ್ಳ ಇಷ್ಟಕ್ಕೇ ಹೋಗುತ್ತಾನೆ, ಇಲ್ಲವೇ ಪೊಲೀಸರಿಗೆ ಹೇಳುತ್ತೇನೆ ಅಂತ ಹೆದರಿಸುತ್ತಾನೆ. ಹೆದರಿಸಿದರೆ ಸ್ಕ್ರೀನ್‌ಶಾಟ್ ತೆಗೆದುಕೊಂಡು ಬ್ಲಾಕ್ ಮಾಡಿ.

ನಿಜವಾಗಿಯೂ ಜಾಸ್ತಿ ಬಂದಿದ್ದರೆ?

ಇದು ಅಪರೂಪಕ್ಕೆ ಆಗುತ್ತದೆ. ಒಳ್ಳೆಯ ಮನಸ್ಸಿನವರು ಹೆಚ್ಚು ತೊಂದರೆಗೆ ಬೀಳುವುದೂ ಇಲ್ಲೇ. ಖಾತೆಯಲ್ಲಿ 18,500 ನಿಜವಾಗಿ ಬಂದಿದೆ ಅಂತಲೇ ಇಟ್ಟುಕೊಳ್ಳಿ. ಆಗಲೂ ಅವರು ಹೇಳಿದ ಇನ್ನೊಂದು ನಂಬರ್‌ಗೆ ಕಳಿಸಬೇಡಿ. ಅದು ಯಾರಿಗೋ ಮೋಸ ಮಾಡಿ ನಿಮ್ಮ ಖಾತೆಗೆ ಹಾಕಿಸಿದ ದುಡ್ಡಾಗಿರಬಹುದು. ಆ ಕಡೆಯವರು ದೂರು ಕೊಟ್ಟರೆ ಪೊಲೀಸರು ದುಡ್ಡಿನ ಜಾಡು ಹಿಡಿದು ಮೊದಲು ಬರುವುದು ನಿಮ್ಮ ಖಾತೆಗೆ. ಅಷ್ಟು ಮೊತ್ತವನ್ನೋ ಪೂರ್ತಿ ಖಾತೆಯನ್ನೋ ತಡೆಹಿಡಿಯುತ್ತಾರೆ. ನೀವು ಬೇರೆ ನಂಬರ್‌ಗೆ ಕಳಿಸಿದ್ದರೆ ಅದನ್ನು ವಿವರಿಸುವುದು ಕಷ್ಟ.

ಮಾಡಬೇಕಾದದ್ದು ಇಷ್ಟು. ‘ದುಡ್ಡು ತಪ್ಪಾಗಿ ಹೋಗಿದೆ ಅಂತ ನಿಮ್ಮ ಬ್ಯಾಂಕಿಗೆ ದೂರು ಕೊಡಿ, ನಮ್ಮ ಬ್ಯಾಂಕ್ ಕೇಳಿದಾಗ ಒಪ್ಪಿಗೆ ಕೊಡುತ್ತೇನೆ’ ಅಂತ ಅವರಿಗೆ ಮೆಸೇಜ್ ಮಾಡಿ. ನಿಮ್ಮ ಶಾಖೆಗೆ ಹೋಗಿ ಒಂದು ಅರ್ಜಿ ಬರೆದುಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಆ ದುಡ್ಡನ್ನು ಮುಟ್ಟಬೇಡಿ. ನಿಜವಾಗಿ ತಪ್ಪಿ ಹಾಕಿದವರಿಗೆ ತಡವಾಗಿಯಾದರೂ ಆ ದಾರಿಯಲ್ಲೇ ಸಿಗುತ್ತದೆ.

ಇದೇ ಕಾರಣಕ್ಕೆ ವ್ಯಾಪಾರಕ್ಕೆ ಬೇರೆ ಖಾತೆ ಇರಲೇಬೇಕು ಅನ್ನುತ್ತೇನೆ. ಯುಪಿಐಗೆ ಅದನ್ನು ಮಾತ್ರ ಜೋಡಿಸಿ, ಎರಡು ಮೂರು ಸಾವಿರಕ್ಕಿಂತ ಜಾಸ್ತಿ ಉಳಿಸಬೇಡಿ. ಗುಬ್ಬಿ ಅಕ್ಕನದು ಹಾಗಿದ್ದಿದ್ದರೆ 16,650 ಹೋಗುವುದಕ್ಕೇ ಆಗುತ್ತಿರಲಿಲ್ಲ. ಅವರ ಖಾತೆಯಲ್ಲಿ ಮಗನ ಕಾಲೇಜ್ ಫೀಸಿನ ದುಡ್ಡಿತ್ತು.

ಕಳಿಸಿಬಿಟ್ಟಿದ್ದರೆ

ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಳ್ಳರು ಆ ದುಡ್ಡನ್ನು ಖಾತೆಯಿಂದ ಖಾತೆಗೆ ದಾಟಿಸಿ ಕೊನೆಗೆ ಎಟಿಎಮ್ಮಿಂದ ತೆಗೆಯುತ್ತಾರೆ. ದಾಟುವ ಮುಂಚೆ ಸಿಕ್ಕಿದರೆ ಬ್ಯಾಂಕಿನವರು ಅಲ್ಲೇ ತಡೆಹಿಡಿಯುತ್ತಾರೆ, ತೆಗೆದ ಮೇಲೆ ತಡೆಯಲು ಏನೂ ಉಳಿದಿರುವುದಿಲ್ಲ. ಸಹಾಯವಾಣಿಯವರು ಕೇಳುವುದು ದಿನ, ಹೊತ್ತು, ಮೊತ್ತ, ಯಾವ ನಂಬರ್‌ಗೆ ಹೋಯಿತು, ಮತ್ತು ಆ ವ್ಯವಹಾರದ 12 ಅಂಕಿಯ ಯುಟಿಆರ್ ನಂಬರ್. ಯುಪಿಐ ಆ್ಯಪಿನ ಹಿಸ್ಟರಿಯಲ್ಲಿ ಆ ಪಾವತಿಯನ್ನು ಒತ್ತಿದರೆ ಅದು ಸಿಗುತ್ತದೆ. ಎಟಿಎಂ ಕಾರ್ಡಿನ ಹಿಂದಿರುವ ನಂಬರ್‌ಗೆ ಫೋನ್ ಮಾಡಿ ಬ್ಯಾಂಕಿಗೂ ಹೇಳಿ. ಆಮೇಲೆ `cybercrime.gov.in` ತಾಣದಲ್ಲಿ ದೂರು ಪೂರ್ತಿ ಮಾಡಿ, ಇಲ್ಲವೇ ತುಮಕೂರಿನ ಸೆನ್ ಠಾಣೆಗೆ ಹೋಗಿ. ಸೈಬರ್ ದೂರು ನೋಡುವ ಆ ಠಾಣೆ ಕೋಲಾರ, ಚಿಕ್ಕಬಳ್ಳಾಪುರದಲ್ಲೂ ಇದೆ.

ಅಕ್ಕ ಮಾರನೇ ದಿನ ಮಧ್ಯಾಹ್ನದವರೆಗೂ ಯಾರಿಗೂ ಹೇಳಲಿಲ್ಲ. ಮನೆಯವರು ಏನಂತಾರೋ ಅನ್ನುವ ಭಯ. ಅಷ್ಟರಲ್ಲಿ ದುಡ್ಡು ಪೂರ್ತಿ ಹೋಗಿತ್ತು. ಇನ್ನೊಬ್ಬ ತಂಗಿ ಅರ್ಧ ಗಂಟೆಯಲ್ಲಿ ಫೋನ್ ಮಾಡಿದ್ದರಿಂದ ಅವಳ ದುಡ್ಡಿನಲ್ಲಿ ಒಂದು ಪಾಲು ತಡೆಯಲ್ಲಿ ಸಿಕ್ಕಿತು. ಅದು ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯಿತು, ಆದರೆ ಬಂತು.

ಫೋನ್ ಮಾಡುವಾಗಲೇ ಇನ್ನೊಬ್ಬರ ಕೈಲಿ ಚಾಟ್ ಪೂರ್ತಿ ಸ್ಕ್ರೀನ್‌ಶಾಟ್ ತೆಗೆಸಿ. ಇನ್‌ಸ್ಟಾದಲ್ಲೂ ವಾಟ್ಸ್‌ಆ್ಯಪಲ್ಲೂ ಕಳಿಸಿದವರೇ ತಮ್ಮ ಮೆಸೇಜನ್ನು ಅಳಿಸಬಹುದು. ಖಾತೆಯ ಹೆಸರನ್ನೂ ಬದಲಾಯಿಸಿಬಿಡುತ್ತಾರೆ. ಪ್ರೊಫೈಲ್ ಪುಟ, ಫೋನ್ ನಂಬರ್, ಅವರು ಕಳಿಸಿದ ಕ್ಯೂಆರ್, ಆ ಸುಳ್ಳು ಎಸ್ಸೆಮ್ಮೆಸ್ ಬಂದ ನಂಬರ್, ಎಲ್ಲವೂ ಫೋಟೋದಲ್ಲಿರಲಿ. ಬ್ಲಾಕ್ ಮಾಡುವುದು ಅದಾದ ಮೇಲೆ.