ಉಪ್ಪು ಹಚ್ಚಿ ಹಿಂಡಿದ ಬದನೆ ಹೋಳು

ಅಡಿಕೆ ಸುಲಿಯುವ ದಿನಗಳಲ್ಲಿ ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ 12 ಮಂದಿಯಾದರೂ ಇರುತ್ತಾರೆ. ಅನ್ನ, ತಂಬುಳಿಯ ಜೊತೆ ನಂಜಿಕೊಳ್ಳಲು ಅಕ್ಕಿಹಿಟ್ಟು, ಖಾರದಪುಡಿ ಹಚ್ಚಿ ಕಾವಲಿಯ ಮೇಲೆ ಕಾಯಿಸಿದ ಬದನೆ ಹೋಳು ಎಲ್ಲರಿಗೂ ಇಷ್ಟ. ಆದರೆ ಎಣ್ಣೆ ಹಾಕಿದಷ್ಟೂ ಹೋಳು ಹೀರಿಕೊಳ್ಳುತ್ತಿತ್ತು. ಕಾವಲಿ ಒಣಗಿ ತಳ ಸೀಯುತ್ತದೆಂದು ಇನ್ನೊಂದು ಚಮಚ ಸುರಿಯುತ್ತಿದ್ದೆ. ಹೋಳು ಬೆಂದು ಮೆತ್ತಗಾದ ಮೇಲೆ ಕುಡಿದ ಎಣ್ಣೆಯನ್ನೆಲ್ಲ ತಟ್ಟೆಯಲ್ಲಿ ಬಿಡುತ್ತಿತ್ತು. ಎಣ್ಣೆ ಕುಡಿಯುವುದು ಬದನೆಯ ಹುಟ್ಟುಗುಣ ಎಂದು ಅತ್ತೆ ಹೇಳುತ್ತಿದ್ದರು. ಅವರು ಹೇಳಿದ್ದು ಸರಿ. ಹಸಿ ಬದನೆಯ ತಿರುಳಿನ ತುಂಬ ಗಾಳಿಯ ಸಣ್ಣ ಪೊಳ್ಳುಗಳಿವೆ. ಬಿಸಿಯಲ್ಲಿ ಗಾಳಿ ಹೊರಬಿದ್ದ ಹಾಗೆ ಆ ಜಾಗಕ್ಕೆ ಎಣ್ಣೆ ಸೇರುತ್ತದೆ. ಹಾಗಿದ್ದರೆ ಆ ಪೊಳ್ಳುಗಳನ್ನು ಕಾವಲಿಗೆ ಹಾಕುವ ಮೊದಲೇ ಮುಚ್ಚಬೇಕು ಅನ್ನಿಸಿತು.

ಒಂದು ಸಂಜೆ ಅರ್ಧ ಕಿಲೋ ಗುಂಡುಬದನೆಯನ್ನು ಎರಡು ಪಾಲು ಮಾಡಿ, ಎರಡನ್ನೂ ಕಿರುಬೆರಳಿನ ದಪ್ಪಕ್ಕೆ ಬಿಲ್ಲೆಯಾಗಿ ಹೆಚ್ಚಿದೆ. ಒಂದು ಪಾಲಿಗೆ ಮಾತ್ರ ಒಂದು ಸಣ್ಣ ಚಮಚ ಪುಡಿಯುಪ್ಪನ್ನು ಎರಡೂ ಮೈಗೆ ಸವರಿ, ಬಸಿಯುವ ತಟ್ಟೆಯಲ್ಲಿ ಹರಡಿಟ್ಟೆ. ಹತ್ತು ನಿಮಿಷದಲ್ಲಿ ಹೋಳಿನ ಮೇಲೆ ಬೆವರಿನಂತೆ ಹನಿ ಮೂಡಿತು. ಮುಕ್ಕಾಲು ಗಂಟೆಯ ಹೊತ್ತಿಗೆ ಕೆಳಗಿನ ಪಾತ್ರೆಯಲ್ಲಿ ಕಂದು ನೀರು ನಿಂತಿತ್ತು. ಬಿಳಿಯ ತಿರುಳು ಸ್ವಲ್ಪ ಪಾರದರ್ಶಕವಾಗಿತ್ತು. ಹಸಿ ಹೋಳನ್ನು ಮಡಚಿದರೆ ಪಟ್ಟನೆ ಮುರಿಯುತ್ತದೆ, ಇದು ತೊಯ್ದ ಬಟ್ಟೆಯಂತೆ ಬಾಗಿತು. ಬೆರಳಿನಿಂದ ಒತ್ತಿದ ಕುಳಿ ಮತ್ತೆ ಉಬ್ಬಲಿಲ್ಲ. ಉಪ್ಪು ಸಾಕಷ್ಟು ಕೆಲಸ ಮಾಡಿದೆ ಎಂದು ತಿಳಿಯುವುದು ಇದರಿಂದಲೇ, ಗಡಿಯಾರದಿಂದಲ್ಲ.

ಉಪ್ಪು ತಿರುಳಿನ ನೀರನ್ನು ಎಳೆದು ಅದನ್ನು ಸಡಿಲಗೊಳಿಸುತ್ತದೆ, ಆದರೆ ಪೊಳ್ಳುಗಳನ್ನು ಪೂರ್ತಿ ಮುಚ್ಚುವುದು ಕೈ. ನೀರು ಬಸಿದ ಮೇಲೆ ಒರೆಸಿ ಬಿಟ್ಟರೆ ಅರ್ಧ ಲಾಭ ಮಾತ್ರ. ಮೊದಲು ನಾನು ಬಟ್ಟೆ ಹಿಂಡಿದ ಹಾಗೆ ತಿರುಚಿದ್ದರಿಂದ ಬಿಲ್ಲೆಗಳು ಸಿಪ್ಪೆಯ ಅಂಚಿನಲ್ಲಿ ಹರಿದವು. ಈಗ ಹಳೆಯ ಪಂಚೆಯ ತುಂಡಿನ ಮೇಲೆ ನಾಲ್ಕೈದು ಬಿಲ್ಲೆ ಜೋಡಿಸಿ, ಬಟ್ಟೆ ಮಡಚಿ, ಅಂಗೈಯಿಂದ ನೇರವಾಗಿ ಒತ್ತುತ್ತೇನೆ. ಬಿಲ್ಲೆ ತೆಳುವಾಗುತ್ತದೆ, ಆಕಾರ ಉಳಿಯುತ್ತದೆ. ಆ ಸಂಜೆ 250 ಗ್ರಾಂ ಹೋಳು ಹಿಂಡಿದ ಮೇಲೆ 200 ಗ್ರಾಂ ತೂಗಿತು.

ಎಣ್ಣೆಯ ಬಟ್ಟಲನ್ನು ಮೊದಲೂ ಕೊನೆಯಲ್ಲೂ ತೂಗಿದೆ. ಉಪ್ಪು ಹಚ್ಚದ ಪಾಲಿಗೆ 58 ಗ್ರಾಂ ಹೋಗಿತ್ತು, ಹಿಂಡಿದ ಪಾಲಿಗೆ 27. ಬಣ್ಣದ ವ್ಯತ್ಯಾಸ ನನಗೆ ಅದಕ್ಕಿಂತ ಮುಖ್ಯವೆನಿಸಿತು. ಮೊದಲ ಪಾಲಿನಲ್ಲಿ ಕೆಲವು ಕಡೆ ಕರಕಲು, ಪಕ್ಕದಲ್ಲೇ ಬಿಳಿಚಿದ ಮಚ್ಚೆ. ನೀರಿರುವ ಜಾಗದಲ್ಲಿ ಆ ನೀರು ಆವಿಯಾಗಿ ಮುಗಿಯುವವರೆಗೆ ಕೆಂಪಗಾಗುವುದು ಶುರುವಾಗುವುದೇ ಇಲ್ಲ. ಹಿಂಡಿದ ಬಿಲ್ಲೆಗಳು ಒಂದೇ ಸಮನಾಗಿ ಒಣಗಿದ್ದವು, ಕಾವಲಿಗೆ ಚಪ್ಪಟೆಯಾಗಿ ಕೂತಿದ್ದವು. ಅಂಚಿನಿಂದ ನಡುವಿನವರೆಗೆ ಒಂದೇ ಜೇನುಬಣ್ಣ ಬಂತು.

ಆದರೂ ಎಚ್ಚರ ಬೇಕು. ಹೋಳಿನಲ್ಲಿ ಉಪ್ಪು ಉಳಿದಿರುತ್ತದೆ, ಆದ್ದರಿಂದ ಹಿಟ್ಟಿಗೆ ಮತ್ತೆ ಹಾಕುವುದಿಲ್ಲ. ಒಮ್ಮೆ ಅಭ್ಯಾಸಬಲದಿಂದ ಹಾಕಿ ಇಡೀ ತಟ್ಟೆ ಬಾಯಿಗಿಡಲಾಗದಂತಾಯಿತು. ಹೆಚ್ಚು ಉಪ್ಪು ಬಿತ್ತೆನಿಸಿದರೆ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದು ಮತ್ತೆ ಒತ್ತಬೇಕು, ನೆನೆಸಿಡಬಾರದು. ಕಪ್ಪಾಗದಿರಲೆಂದು ಹೆಚ್ಚಿದ ಬದನೆಯನ್ನು ನೀರಿಗೆ ಹಾಕುವ ರೂಢಿಯನ್ನೂ ಈ ಅಡುಗೆಗೆ ಬಿಟ್ಟಿದ್ದೇನೆ. ಹುರಿದ ಮೇಲೆ ಆ ಕಪ್ಪು ಕಾಣುವುದೇ ಇಲ್ಲ. ಕಲ್ಲುಪ್ಪು ಹರಳು ಬಿದ್ದ ಕಡೆಯಷ್ಟೇ ನೀರು ಎಳೆಯುವುದರಿಂದ ಪುಡಿಯುಪ್ಪೇ ವಾಸಿ. ಬೀಜ ಬಲಿತು ಕಂದಾದ ಕಾಯಿಯ ಕಹಿಯನ್ನು ಉಪ್ಪು ಪೂರ್ತಿ ಕಳೆಯುವುದಿಲ್ಲ. ಅಂಥದ್ದನ್ನು ನಾನು ಹೋಳಿಗೆ ಬಳಸುವುದಿಲ್ಲ.

ಮಳೆಗಾಲದಲ್ಲಿ ಒತ್ತಿದ ಹೋಳನ್ನು ಹೊರಗಿಟ್ಟರೆ ನಮ್ಮ ಕಡೆಯ ತೇವಕ್ಕೆ ಅರ್ಧ ಗಂಟೆಯಲ್ಲೇ ಮತ್ತೆ ಜಿಗುಟಾಗುತ್ತದೆ. ಹಾಗಾಗಿ ಹಿಟ್ಟು ಕಲಸಿಟ್ಟು, ಕಾವಲಿ ಒಲೆಯ ಮೇಲೇರಿಸಿದ ಮೇಲೆಯೇ ಒತ್ತಲು ಕೂರುತ್ತೇನೆ. ಚಿಟಿಕೆ ಅಕ್ಕಿಹಿಟ್ಟು ಉದುರಿಸಿದಾಗ ಎಣ್ಣೆ ಚುರ್ರೆಂದರೆ ಮೊದಲ ಬಿಲ್ಲೆ ಹಾಕುತ್ತೇನೆ.